ಬ್ಯಾಂಕ್ ತಾಳೆ ಆಗಿದೆ, ಪಾರ್ಟಿ ಬಾಕಿ ಮಾತ್ರ ಕಾಣುತ್ತಿಲ್ಲ: ಡಿಸ್ಕೌಂಟ್ ಮಾಡಿಸಿದ ಬಿಲ್ ವಾಪಸ್ ಬಂದಾಗ ಲೆಕ್ಕದ ತಪ್ಪು ಹುಡುಕುವುದು

2025ರ ಆಗಸ್ಟ್. ಗೌರಿ ಹಬ್ಬಕ್ಕೆ ಇನ್ನು ನಾಲ್ಕು ದಿನ ಇತ್ತು. ಮಂಡ್ಯದ ಬೆಲ್ಲದ ಮಂಡಿಯವರೊಬ್ಬರು ಬೆಳಿಗ್ಗೆಯೇ ಫೋನ್ ಮಾಡಿದರು. ಅವರ ಅಂಗಡಿ ಲೆಕ್ಕವನ್ನು ನಾನು ತಿಂಗಳಿಗೊಮ್ಮೆ ಹೋಗಿ ನೋಡುತ್ತೇನೆ. ದಿನದ ಎಂಟ್ರಿ ಹಾಕುವುದು ಅಲ್ಲಿರುವ ಹುಡುಗ. ಬಿ.ಕಾಂ. ಮುಗಿಸಿ ಒಂದು ವರ್ಷ ಆಗಿದೆ, ಚುರುಕಾಗಿದ್ದಾನೆ.

"ಏನ್ ಸ್ವಾಮಿ ಇದು? ಮೈಸೂರು ಸಂತೇಪೇಟೆಯವರು ದುಡ್ಡೇ ಕೊಟ್ಟಿಲ್ಲ. ಅವರ ಬಿಲ್ ಬ್ಯಾಂಕಿಂದ ವಾಪಸ್ ಬಂದದೆ. ಹಬ್ಬದೊಳಗೆ ಹೋಗಿ ಕೇಳನ ಅಂತ ಲೆಡ್ಜರ್ ತೆಗಿಸಿದ್ರೆ ಬಾಕಿ ಸೊನ್ನೆ ಅಂತದೆ ಕಂಪ್ಯೂಟ್ರು!"

ಹುಡುಗನನ್ನು ಕೇಳಿದೆ. "ಸಾರ್, ಬ್ಯಾಂಕ್ ಪೈಸೆ ಪೈಸೆ ತಾಳೆ ಆಗಿದೆ. ನೀವೇ ಬಂದು ನೋಡಿ" ಅಂದ.

ಎರಡೂ ನಿಜವೇ ಆಗಿತ್ತು. ಅದೇ ಈ ತಪ್ಪಿನ ಕಷ್ಟ. ಬ್ಯಾಂಕ್ ತಾಳೆ ಆಗದೆ ಇದ್ದಿದ್ದರೆ ಅವನೇ ಹುಡುಕುತ್ತಿದ್ದ. ತಾಳೆ ಆಗಿಬಿಟ್ಟಿತು, ಸುಮ್ನಾದ.

ನಡೆದದ್ದು ಏನು

ಮೇ 12ರಂದು ಸಂತೇಪೇಟೆಯ ಅಂಗಡಿಗೆ 1,20,000 ರೂಪಾಯಿ ಬೆಲ್ಲ ಹೋಗಿದೆ. ಅದಕ್ಕೆ ಮಂಡ್ಯದವರು ಮೂರು ತಿಂಗಳಿಗೆ ದುಡ್ಡು ಕೊಡಬೇಕು ಅಂತ ಬಿಲ್ ಬರೆದಿದ್ದಾರೆ. ಸಂತೇಪೇಟೆಯವರು ಒಪ್ಪಿ ಸಹಿ ಹಾಕಿ ಕಳಿಸಿದ್ದಾರೆ. ಆಲೆಮನೆಯವರಿಗೆ ಬಟವಾಡೆ ಮಾಡಬೇಕಿತ್ತು, ಮೂರು ತಿಂಗಳು ಕಾಯುವ ಹಾಗಿರಲಿಲ್ಲ. ಜೂನ್ 2ಕ್ಕೆ ಬಿಲ್ಲನ್ನು ಬ್ಯಾಂಕಿನಲ್ಲಿ ಡಿಸ್ಕೌಂಟ್ ಮಾಡಿಸಿದ್ದಾರೆ. ಬ್ಯಾಂಕು ವರ್ಷಕ್ಕೆ ಶೇ. 12ರ ಲೆಕ್ಕದಲ್ಲಿ 73 ದಿನದ ಡಿಸ್ಕೌಂಟ್ 2,880 ಹಿಡಿದುಕೊಂಡು 1,17,120 ಜಮಾ ಮಾಡಿದೆ. ಗಡುವಿನ ದಿನ, ಆಗಸ್ಟ್ 14ರಂದು, ಸಂತೇಪೇಟೆಯವರು ದುಡ್ಡು ಕಟ್ಟಲಿಲ್ಲ. ಬ್ಯಾಂಕು ನೋಟರಿ ಹತ್ತಿರ ನೋಟಿಂಗ್ ಮಾಡಿಸಿ, ಅಂದರೆ ದುಡ್ಡು ಸಿಗಲಿಲ್ಲ ಅಂತ ಬರೆಸಿ, ಬಿಲ್ ಮೊತ್ತ ಮತ್ತು ನೋಟಿಂಗ್ ಖರ್ಚು 350 ಸೇರಿಸಿ 1,20,350 ರೂಪಾಯಿಯನ್ನು ಮಂಡ್ಯದವರ ಕರೆಂಟ್ ಅಕೌಂಟಿನಿಂದ ಕಳೆದುಕೊಂಡಿದೆ. ಬಿಲ್ ವಾಪಸಾದದ್ದಕ್ಕೆ ತನ್ನದೇ ಶುಲ್ಕ ಅಂತ ಜಿಎಸ್‌ಟಿ ಸೇರಿ 236 ರೂಪಾಯಿ ಬೇರೆ ಹಿಡಿದಿದೆ. ಸ್ಟೇಟ್‌ಮೆಂಟಿನಲ್ಲಿ ಈ ಎರಡೂ ಆಗಸ್ಟ್ 18ರ ತಾರೀಕಿನಲ್ಲಿವೆ.

ಇಷ್ಟೇ ಸಂಗತಿ. ಮೊದಲು ಇದು ಪುಸ್ತಕದಲ್ಲಿ ಹೇಗೆ ಕಾಣಬೇಕಿತ್ತು ಅಂತ ಬರೆದಿಟ್ಟುಕೊಳ್ಳೋಣ. ತಪ್ಪು ಹುಡುಕುವಾಗ ಪಕ್ಕದಲ್ಲಿ ಸರಿಯಾದದ್ದು ಇರಬೇಕು.

```
ಮೇ 12    ಬಿಲ್ಸ್ ರಿಸೀವಬಲ್   ಡೆಬಿಟ್   1,20,000
             ಸಂತೇಪೇಟೆ ಪಾರ್ಟಿ   ಕ್ರೆಡಿಟ್  1,20,000

ಜೂನ್ 2   ಬ್ಯಾಂಕ್            ಡೆಬಿಟ್   1,17,120
         ಡಿಸ್ಕೌಂಟ್           ಡೆಬಿಟ್      2,880
             ಬಿಲ್ಸ್ ರಿಸೀವಬಲ್   ಕ್ರೆಡಿಟ್  1,20,000

ಆಗಸ್ಟ್ 14  ಸಂತೇಪೇಟೆ ಪಾರ್ಟಿ    ಡೆಬಿಟ್   1,20,350
             ಬ್ಯಾಂಕ್           ಕ್ರೆಡಿಟ್  1,20,350
```

ಮೂರನೇ ಎಂಟ್ರಿ ನೋಡಿ. ಅದರಲ್ಲಿ ಬಿಲ್ಸ್ ರಿಸೀವಬಲ್ ಇಲ್ಲ, ಡಿಸ್ಕೌಂಟೂ ಇಲ್ಲ. ಪಾರ್ಟಿ ಮತ್ತು ಬ್ಯಾಂಕ್ ಎರಡೇ. ನಾನು ನೋಡಿರುವ ತಪ್ಪುಗಳಲ್ಲಿ ಹೆಚ್ಚಿನವು ಈ ಎಂಟ್ರಿಯೊಳಗೆ ಮೂರನೆಯವರನ್ನು ಕರೆದುಕೊಂಡು ಬಂದದ್ದರಿಂದಲೇ ಆಗಿವೆ.

ಹುಡುಗ ಏನು ಮಾಡಿದ್ದ

ಆಗಸ್ಟ್ 14ರ ಸಂಜೆ ಬ್ಯಾಂಕಿನಿಂದ ಫೋನ್ ಬಂದಿದೆ, ಬಿಲ್ ಪಾಸಾಗಿಲ್ಲ ಅಂತ. ಅವನು ಯೋಚನೆ ಮಾಡಿದ ರೀತಿ ಸಹಜವೇ. ಜೂನ್‌ನಲ್ಲಿ ಆದದ್ದು ಈಗ ರದ್ದಾಯಿತು, ಹಾಗಾಗಿ ಜೂನ್ ಎಂಟ್ರಿಯನ್ನು ಉಲ್ಟಾ ಹಾಕಿದರೆ ಸಾಕು. ಹಾಗೇ ಮಾಡಿದ. ಬಿಲ್ಸ್ ರಿಸೀವಬಲ್‌ಗೆ 1,20,000 ಡೆಬಿಟ್, ಬ್ಯಾಂಕಿಗೆ 1,17,120 ಕ್ರೆಡಿಟ್, ಡಿಸ್ಕೌಂಟಿಗೆ 2,880 ಕ್ರೆಡಿಟ್.

ನಾಲ್ಕು ದಿನ ಆದಮೇಲೆ ಸ್ಟೇಟ್‌ಮೆಂಟ್ ಬಂತು. ಅಲ್ಲಿ 1,20,350 ಹೋಗಿದೆ, ಇವನ ಪುಸ್ತಕದಲ್ಲಿ 1,17,120. ವ್ಯತ್ಯಾಸ 3,230. "ಬ್ಯಾಂಕಿನವರು ಏನೋ ಜಾಸ್ತಿ ಹಿಡಿದಿದ್ದಾರೆ" ಅಂದುಕೊಂಡು ಅದನ್ನು ಬ್ಯಾಂಕ್ ಚಾರ್ಜಸ್‌ಗೆ ತಳ್ಳಿದ. 236 ಹೇಗೂ ಬ್ಯಾಂಕ್ ಚಾರ್ಜಸ್ಸೇ. ಬ್ಯಾಂಕ್ ತಾಳೆ ಆಯ್ತು. ಟ್ರಯಲ್ ಬ್ಯಾಲೆನ್ಸ್ ಕೂಡ ತಾಳೆ ಆಗಿಯೇ ಇತ್ತು. ಪ್ರತಿ ಎಂಟ್ರಿಯಲ್ಲೂ ಡೆಬಿಟ್ಟು ಕ್ರೆಡಿಟ್ಟು ಸಮ ಇರುವಾಗ ಅದು ಯಾಕೆ ತಪ್ಪುತ್ತದೆ?

ಇನ್ನೊಂದು ತಮಾಷೆ ಇದೆ. ಲಾಭ ನಷ್ಟದ ಲೆಕ್ಕ ನೋಡಿದರೂ ಅನುಮಾನ ಬರುವುದಿಲ್ಲ. ನಿಜವಾದ ಖರ್ಚು ಡಿಸ್ಕೌಂಟ್ 2,880 ಮತ್ತು ಬ್ಯಾಂಕ್ ಶುಲ್ಕ 236, ಒಟ್ಟು 3,116. ಇವನ ಪುಸ್ತಕದಲ್ಲಿ ಡಿಸ್ಕೌಂಟ್ ಸೊನ್ನೆ, ಬ್ಯಾಂಕ್ ಚಾರ್ಜಸ್ 3,466. ಫರಕು ಬರೀ 350. ವರ್ಷದ ವಹಿವಾಟಿನಲ್ಲಿ 350 ರೂಪಾಯಿ ಯಾರ ಕಣ್ಣಿಗೆ ಬೀಳುತ್ತೆ ಹೇಳಿ? ಲಾಭ ಹೆಚ್ಚುಕಡಿಮೆ ಸರಿ, ಬ್ಯಾಂಕ್ ಸರಿ. ಆದರೆ ಒಬ್ಬ ಸಾಲಗಾರ ಪುಸ್ತಕದಿಂದಲೇ ಮಾಯ. ಯಜಮಾನರು ವಸೂಲಿಗೆ ಹೊರಡದೆ ಇದ್ದಿದ್ದರೆ ಮಾರ್ಚ್‌ವರೆಗೂ ಗೊತ್ತಾಗುತ್ತಿರಲಿಲ್ಲ.

ಎಲ್ಲಿಂದ ಹುಡುಕಬೇಕು

ಪಾರ್ಟಿ ಲೆಡ್ಜರಿನಿಂದ ಶುರು ಮಾಡಬೇಡಿ. ಅಲ್ಲಿ ಏನೂ ಇರುವುದಿಲ್ಲ, ಇಲ್ಲದೆ ಇರುವುದನ್ನು ಎಷ್ಟು ನೋಡಿದರೂ ಅಷ್ಟೇ. ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ವಾಪಸ್ ಬಂದ ಬಿಲ್, ಇವೆರಡನ್ನು ಮೊದಲು ಮುಂದೆ ಇಟ್ಟುಕೊಳ್ಳಿ.

ಬಿಲ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಅಂತ ನಾನು ಹೇಳುವುದಕ್ಕೆ ಕಾರಣ ಇದೆ. ನೋಟಿಂಗ್ ಆಗಿದ್ದರೆ ನೋಟರಿ ಅದರ ಮೇಲೋ, ಅಂಟಿಸಿದ ಚೀಟಿಯ ಮೇಲೋ ಬರೆದಿರುತ್ತಾರೆ: ಯಾವ ದಿನ ದುಡ್ಡು ಸಿಗಲಿಲ್ಲ, ಏನು ಕಾರಣ ಹೇಳಿದರು, ನೋಟರಿಯ ಶುಲ್ಕ ಎಷ್ಟು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 99ನೇ ಕಲಂ ಹೇಳುವುದೂ ಇದನ್ನೇ. ನಮ್ಮ ಬಿಲ್ಲಿನ ಬೆನ್ನಿಗೆ ಒಂದು ಸಣ್ಣ ಚೀಟಿ ಅಂಟಿಸಿತ್ತು. ಆಗಸ್ಟ್ 14, "ಹಣ ಇಲ್ಲವೆಂದು ಹೇಳಿದರು", ಶುಲ್ಕ 350. ಕೆಳಗೆ ಸೀಲು. ಹುಡುಗ ಆ ಚೀಟಿಯನ್ನು ನೋಡಿಯೇ ಇರಲಿಲ್ಲ. ಬಿಲ್ಲು ನೇರವಾಗಿ ಯಜಮಾನರ ಡ್ರಾಯರಿಗೆ ಹೋಗಿತ್ತು.

ಒಳನಾಡಿನ ಬಿಲ್ಲಿಗೆ ನೋಟಿಂಗ್ ಮಾಡಿಸಲೇಬೇಕು ಅಂತ ಇಲ್ಲ. ಮಾಡಿಸಿರದಿದ್ದರೆ 350ರ ಮಾತೇ ಬರುವುದಿಲ್ಲ, ಬಿಲ್ ಮೊತ್ತ ಮಾತ್ರ. ಚೀಟಿ ಇದೆಯೋ ಇಲ್ಲವೋ ಅನ್ನುವುದರ ಮೇಲೆಯೇ ಎಂಟ್ರಿಯ ಅಂಕಿ ನಿಂತಿದೆ.

ಚೀಟಿಯ ಅಂಕಿಯನ್ನು ಬಿಲ್ ಮೊತ್ತಕ್ಕೆ ಕೂಡಿಸಿ. ಬಂದ ಮೊತ್ತ ಸ್ಟೇಟ್‌ಮೆಂಟಿನಲ್ಲಿ ಒಂದೇ ಸಾಲಿನಲ್ಲಿ ಇದೆಯಾ, ಎರಡು ಸಾಲಿನಲ್ಲಿ ಇದೆಯಾ ಗುರುತು ಮಾಡಿ. ಈಗ ಬಿಲ್ಸ್ ರಿಸೀವಬಲ್ ಲೆಡ್ಜರ್ ತೆಗೆಯಿರಿ. ಬೇರೆ ಬಿಲ್ಲುಗಳನ್ನು ಬಿಟ್ಟು ಈ ಬಿಲ್ ಒಂದನ್ನೇ ಹಿಡಿದು ಮೇಲಿಂದ ಕೆಳಗೆ ಬನ್ನಿ. ಡಿಸ್ಕೌಂಟ್ ಮಾಡಿಸಿದ ದಿನಕ್ಕೆ ಅದು ಸೊನ್ನೆ ಆಗಬೇಕು. ಆಮೇಲೆ ಆ ಖಾತೆಯಲ್ಲಿ ಈ ಬಿಲ್ಲಿನ ಹೆಸರೇ ಬರಬಾರದು. ಬಂದಿದ್ದರೆ ತಪ್ಪು ಅಲ್ಲೇ ಇದೆ.

ನಮ್ಮ ಪ್ರಕರಣದಲ್ಲಿ ಆಗಸ್ಟ್ 14ಕ್ಕೆ 1,20,000 ಮತ್ತೆ ಡೆಬಿಟ್ ಆಗಿ ಕೂತಿತ್ತು. ಹುಡುಗ ಕೇಳಿದ, "ಬಿಲ್ಲು ನಮ್ಮ ಹತ್ತಿರ ವಾಪಸ್ ಬಂತಲ್ವಾ ಸಾರ್, ಅದಕ್ಕೇ ಆ ಖಾತೆಗೆ ತಂದೆ." ಪ್ರಶ್ನೆ ಸರಿಯಾಗಿಯೇ ಇದೆ. ಕಾಗದ ವಾಪಸ್ ಬಂದಿದೆ ನಿಜ. ಆದರೆ ಬಿಲ್ಸ್ ರಿಸೀವಬಲ್ ಅಂದರೆ ಗಡುವು ಬಂದಾಗ ದುಡ್ಡಾಗುವ ಬಿಲ್ಲುಗಳ ಖಾತೆ. ಗಡುವು ಮುಗಿದು ದುಡ್ಡು ಬರದೆ ಹೋದ ಬಿಲ್ಲನ್ನು ಇನ್ನೊಂದು ಬ್ಯಾಂಕಿಗೆ ಒಯ್ದು ಡಿಸ್ಕೌಂಟ್ ಮಾಡಿಸೋಕೆ ಆಗುತ್ತಾ? ಆಗಲ್ಲ. ಈಗ ಅದು ಸಾಲಕ್ಕೆ ಸಾಕ್ಷಿ, ಅಷ್ಟೇ. ಸಾಲ ಇರುವುದು ಮನುಷ್ಯನ ಹೆಸರಿನಲ್ಲಿ, ಹಾಗಾಗಿ ಡೆಬಿಟ್ ಅವನ ಹೆಸರಿಗೇ ಹೋಗಬೇಕು.

2,880 ಯಾರ ಖರ್ಚು

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಯಜಮಾನರೂ ಈ ವಿಷಯಕ್ಕೆ ಜಗಳಕ್ಕೇ ಬಂದರು. "ಅವನ ಬಿಲ್ಲಿಂದ ತಾನೇ ನಂಗೆ 2,880 ಹೋಗಿದ್ದು? ಅದ್ನೂ ಅವನ ತಲೆ ಮೇಲೆ ಹಾಕಿ" ಅಂದರು.

ಹಾಕುವ ಹಾಗಿಲ್ಲ. ಸಂತೇಪೇಟೆಯವರು ಒಪ್ಪಿದ್ದು ಗಡುವಿನ ದಿನ 1,20,000 ಕೊಡುತ್ತೇನೆ ಅಂತ. ಜೂನ್‌ನಲ್ಲೇ ದುಡ್ಡು ಬೇಕಾದದ್ದು ಮಂಡ್ಯದವರಿಗೆ. ಬ್ಯಾಂಕು 73 ದಿನ ಮುಂಚೆ ದುಡ್ಡು ಕೊಟ್ಟಿತು, ಅದಕ್ಕೆ 2,880 ತೆಗೆದುಕೊಂಡಿತು. ಆ 73 ದಿನ ದುಡ್ಡು ನಿಜವಾಗಿಯೂ ಇವರ ಕೈಯಲ್ಲಿತ್ತು, ಆಲೆಮನೆಯವರಿಗೆ ಬಟವಾಡೆಯೂ ಆಯಿತು. ಬಿಲ್ ಪಾಸಾಗಿದ್ದರೂ ಇದು ಇವರದೇ ಖರ್ಚು ತಾನೇ? ವಾಪಸಾದರೂ ಇವರದೇ. ಬ್ಯಾಂಕು ಕೂಡ ಬಿಲ್ ವಾಪಸಾಯಿತು ಅಂತ 2,880 ಹಿಂದಿರುಗಿಸಿಲ್ಲ, ಪೂರ್ತಿ 1,20,000 ವಸೂಲು ಮಾಡಿದೆ. ಸ್ಟೇಟ್‌ಮೆಂಟೇ ಸಾಕ್ಷಿ. ಹಾಗಾಗಿ ಡಿಸ್ಕೌಂಟ್ ಖಾತೆಯನ್ನು ಆಗಸ್ಟ್‌ನಲ್ಲಿ ಮುಟ್ಟಲೇಬಾರದು.

350ರ ಕಥೆ ಬೇರೆ. ಗಡುವಿನ ದಿನ ದುಡ್ಡು ಕಟ್ಟಿದ್ದರೆ ನೋಟರಿ ಹತ್ತಿರ ಹೋಗುವ ಅಗತ್ಯವೇ ಬರುತ್ತಿರಲಿಲ್ಲ. ಈ ಖರ್ಚು ಹುಟ್ಟಿದ್ದೇ ಅವರು ಕಟ್ಟದೆ ಹೋದದ್ದರಿಂದ. ಬಿಲ್ ತೋರಿಸಿ ದುಡ್ಡು ಕೇಳಲು ಮತ್ತು ನೋಟಿಂಗ್ ಮಾಡಿಸಲು ಆದ ಸರಿಯಾದ ಖರ್ಚನ್ನು ವಸೂಲು ಮಾಡಲು 117ನೇ ಕಲಂ ಅವಕಾಶ ಕೊಡುತ್ತದೆ. ಮೊದಲು ಕಟ್ಟಿದವರು ಯಾರೇ ಇರಲಿ, ಕೊನೆಗೆ ಹೊರೆ ಒಪ್ಪಿ ಸಹಿ ಹಾಕಿದವರ ಮೇಲೆ. ಇದನ್ನು "ನೋಟಿಂಗ್ ಖರ್ಚು" ಅಂತ ತಮ್ಮದೇ ಖರ್ಚಿನ ಖಾತೆಗೆ ಹಾಕಿಕೊಳ್ಳುವವರು ತುಂಬಾ ಜನ ಇದ್ದಾರೆ. ಆ ಖಾತೆ ಇರಬೇಕಾದದ್ದು ಸಂತೇಪೇಟೆಯವರ ಪುಸ್ತಕದಲ್ಲಿ, ಮಂಡ್ಯದವರ ಪುಸ್ತಕದಲ್ಲಲ್ಲ.

236? ಅದು ಬ್ಯಾಂಕಿಗೂ ಅದರ ಗ್ರಾಹಕರಿಗೂ ನಡುವಿನ ಶುಲ್ಕ. ಪಾರ್ಟಿ ಜೊತೆ ಮೊದಲೇ ಮಾತಾಗಿರದಿದ್ದರೆ ನಾನು ಅದನ್ನು ಬ್ಯಾಂಕ್ ಚಾರ್ಜಸ್‌ಗೇ ಬಿಡುತ್ತೇನೆ. ಅಷ್ಟಕ್ಕೆ ವ್ಯಾಪಾರದ ಸಂಬಂಧ ಕೆಡಿಸಿಕೊಳ್ಳುವುದು ಬೇಡ.

ವ್ಯತ್ಯಾಸದ ಅಂಕಿಯನ್ನು ಓದಿ

ವ್ಯತ್ಯಾಸ ಬಂದಾಗ ಅದನ್ನು ಎಲ್ಲಾದರೂ ತುರುಕುವ ಮುಂಚೆ ಆ ಅಂಕಿಯನ್ನು ಒಂದು ಕಾಗದದ ಮೇಲೆ ದೊಡ್ಡದಾಗಿ ಬರೆಯಿರಿ. ಹುಡುಗನಿಗೆ ಬಂದ ವ್ಯತ್ಯಾಸ 3,230. ಅದನ್ನು ಒಡೆದರೆ 2,880 ಮತ್ತು 350. ಡಿಸ್ಕೌಂಟ್ ಒಂದು, ನೋಟಿಂಗ್ ಒಂದು. ಹಳೇ ಎಂಟ್ರಿಯನ್ನು ಉಲ್ಟಾ ಹಾಕಲಾಗಿದೆ, ನೋಟಿಂಗ್ ಬಿಟ್ಟುಹೋಗಿದೆ ಅಂತ ಅಂಕಿಯೇ ಹೇಳುತ್ತಿದೆ. ಬರೀ 2,880 ವ್ಯತ್ಯಾಸ ಬಂದರೆ ನೋಟಿಂಗ್ ಬರೆದಿದ್ದಾರೆ, ಆದರೆ ಡಿಸ್ಕೌಂಟನ್ನು ತಿರುಗಿಸಿದ್ದಾರೆ. ಬರೀ 350 ಬಂದರೆ ಎಂಟ್ರಿಯ ರೂಪ ಸರಿ, ಚೀಟಿ ನೋಡಿಲ್ಲ.

ಬ್ಯಾಂಕ್ ಸರಿ ಇದ್ದು ಬಿಲ್ಸ್ ರಿಸೀವಬಲ್‌ನಲ್ಲಿ 2,880 ಮಾತ್ರ ಉಳಿದುಕೊಂಡಿದ್ದರೆ ತಪ್ಪು ಆಗಸ್ಟ್‌ನದಲ್ಲ, ಜೂನ್‌ನದು. ಬ್ಯಾಂಕಿಗೆ ಬಂದ 1,17,120 ಅನ್ನು ನೇರವಾಗಿ ಬಿಲ್ ಖಾತೆಗೆ ಜಮಾ ಮಾಡಿ, ಹಿಡಿದುಕೊಂಡ ಡಿಸ್ಕೌಂಟನ್ನು ಬರೆಯುವುದನ್ನೇ ಮರೆತಿರುತ್ತಾರೆ. ವಾಪಸ್ ಬಂದ ಗಲಾಟೆಯಲ್ಲಿ ಎಲ್ಲರೂ ಆಗಸ್ಟನ್ನೇ ಕೆದಕುತ್ತಾರೆ, ಜೂನ್ ಹಾಗೇ ಉಳಿಯುತ್ತದೆ.

ಬ್ಯಾಂಕ್ ಖಾತೆಯಲ್ಲಿ ಪೂರ್ತಿ 1,20,350 ಜಾಸ್ತಿ ಹೋಗಿದೆ ಅಂತ ಪುಸ್ತಕ ತೋರಿಸಿದರೆ ಎಂಟ್ರಿ ಎರಡು ಸಲ ಬಿದ್ದಿದೆ. ಫೋನ್ ಬಂದಾಗ ಒಂದು ಜರ್ನಲ್, ಸ್ಟೇಟ್‌ಮೆಂಟ್ ಬಂದಾಗ ಒಂದು ಪೇಮೆಂಟ್. ಟ್ಯಾಲಿಯಲ್ಲಿ ಇದು ಸುಲಭವಾಗಿ ಆಗುತ್ತದೆ, ಎರಡೂ ಬೇರೆ ಬೇರೆ ವೋಚರ್ ಪಟ್ಟಿಯಲ್ಲಿ ಕೂತಿರುತ್ತವೆ. ತಪ್ಪಿಸೋಕೆ ಒಂದೇ ದಾರಿ. ಎಂಟ್ರಿಯನ್ನು 14ರ ತಾರೀಕಿಗೆ ಒಂದೇ ಸಲ ಹಾಕಿ, ಸ್ಟೇಟ್‌ಮೆಂಟ್ ಬಂದಮೇಲೆ ಬ್ಯಾಂಕ್ ತಾಳೆ ನೋಡುವ ಪರದೆಯಲ್ಲಿ `Bank Date` ಅಂತ ಇರುವ ಕಡೆ 18 ಅಂತ ತುಂಬಿ. ಹೊಸ ವೋಚರ್ ಮಾಡಬೇಡಿ. 14ಕ್ಕೇ ಯಾಕೆ ಅಂದರೆ ಸಾಲ ಮತ್ತೆ ಜೀವ ಪಡೆದದ್ದು ಆ ದಿನ. ಮುಂದೆ ಬಡ್ಡಿ ಎಣಿಸಬೇಕಾದರೂ ಆ ದಿನದಿಂದಲೇ.

ಆ ಹುಡುಗ ಮಾಡದೆ ಇದ್ದ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ, ಬೇರೆ ಅಂಗಡಿಯಲ್ಲಿ ನೋಡಿದ್ದೇನೆ. ಬಿಲ್ ವಾಪಸ್ ಬಂತು ಅಂತ ಜೂನ್ ತಿಂಗಳ ವೋಚರನ್ನೇ ಅಳಿಸಿಬಿಡುವುದು. ಜೂನ್ 2ಕ್ಕೆ ದುಡ್ಡು ಬಂದದ್ದು ಸುಳ್ಳಲ್ಲ. ಅದನ್ನು ಅಳಿಸಿದರೆ ಜೂನ್, ಜುಲೈ ಎರಡೂ ತಿಂಗಳ ತಾಳೆ ಒಟ್ಟಿಗೆ ಕೆಡುತ್ತದೆ.

ಗಡುವಿನ ದಿನವೇ ತಪ್ಪಿದ್ದರೆ

ನಮ್ಮ ಹುಡುಗನ ಡೈರಿಯಲ್ಲಿ ಗಡುವು ಆಗಸ್ಟ್ 12 ಅಂತ ಇತ್ತು. ಮೇ 12ಕ್ಕೆ ಮೂರು ತಿಂಗಳು ಕೂಡಿಸಿದ್ದ, ಅಷ್ಟೇ. 12 ಕಳೆಯಿತು, 13 ಕಳೆಯಿತು, ಬ್ಯಾಂಕಿನಿಂದ ಸದ್ದಿಲ್ಲ. ಬಿಲ್ ಪಾಸಾಗಿರಬೇಕು ಅಂತ ಯಜಮಾನರಿಗೆ ಹೇಳಿಯೂ ಬಿಟ್ಟಿದ್ದ, ಪಾಪ.

ಮೂರು ತಿಂಗಳ ಮೇಲೆ ಮೂರು ರಿಯಾಯಿತಿ ದಿನ ಕೂಡಿಸಬೇಕು. ಆಗ ಆಗಸ್ಟ್ 15 ಬರುತ್ತದೆ. ಆದರೆ 15 ಸ್ವಾತಂತ್ರ್ಯ ದಿನ, ಸಾರ್ವಜನಿಕ ರಜೆ. 25ನೇ ಕಲಂ ಪ್ರಕಾರ ಗಡುವು ರಜೆಯ ದಿನ ಬಿದ್ದರೆ ಅದಕ್ಕಿಂತ ಹಿಂದಿನ ಕೆಲಸದ ದಿನಕ್ಕೆ ಬರುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಹಾಗಾಗಿ ಆಗಸ್ಟ್ 14. ಎಲ್ಲ ಪಾವತಿಯೂ ರಜೆ ಬಂದರೆ ಮುಂದಿನ ದಿನಕ್ಕೆ ಹೋಗುತ್ತದೆ ಅನ್ನುವ ಅಭ್ಯಾಸ ನಮಗೆ. ಇಲ್ಲಿ ಅದು ಉಲ್ಟಾ.

ಇದು ತಪ್ಪಿದರೆ ಡಿಸ್ಕೌಂಟಿನ ಅಂಕಿಯಲ್ಲೂ ಗೊತ್ತಾಗುತ್ತದೆ. ಜೂನ್ 2ರಿಂದ ಆಗಸ್ಟ್ 14ಕ್ಕೆ ಜೂನ್‌ನಲ್ಲಿ 28, ಜುಲೈನಲ್ಲಿ 31, ಆಗಸ್ಟ್‌ನಲ್ಲಿ 14, ಒಟ್ಟು 73 ದಿನ.

```
1,20,000 × 12/100 × 73/365 = 2,880
```

15ರವರೆಗೆ ಎಣಿಸಿದರೆ 74 ದಿನ, 2,919 ಚಿಲ್ಲರೆ ಬರುತ್ತದೆ. ನಿಮ್ಮ ಲೆಕ್ಕಕ್ಕೂ ಬ್ಯಾಂಕಿನ ಲೆಕ್ಕಕ್ಕೂ ಹೀಗೆ ಸುಮಾರು 39 ರೂಪಾಯಿ ಫರಕು ಬಂದರೆ ದಿನ ಎಣಿಸಿದ್ದರಲ್ಲಿ ತಪ್ಪಿದೆ ಅಂತ ಅರ್ಥ. ಇನ್ನೂ ದೊಡ್ಡ ಫರಕು ಬಂದರೆ ಬಿಲ್ ಬರೆದ ದಿನದಿಂದ ಎಣಿಸಿದ್ದೀರಾ ನೋಡಿಕೊಳ್ಳಿ. ಡಿಸ್ಕೌಂಟ್ ಓಡುವುದು ಬ್ಯಾಂಕು ದುಡ್ಡು ಕೊಟ್ಟ ದಿನದಿಂದ.

ಬ್ಯಾಂಕು ಅದನ್ನು ಸಾಲದ ಖಾತೆಯಲ್ಲಿ ಇಟ್ಟಿದ್ದರೆ

ಒಂದು ಎಚ್ಚರಿಕೆ. ಮೇಲೆ ಹೇಳಿದ್ದೆಲ್ಲ ಡಿಸ್ಕೌಂಟ್ ಮಾಡಿಸಿದ ದಿನವೇ ಬಿಲ್ ಖಾತೆಯನ್ನು ಸೊನ್ನೆ ಮಾಡುವ ಪದ್ಧತಿಗೆ. ನಮ್ಮ ಕಡೆ ಹೆಚ್ಚಿನವರು ಕಲಿತದ್ದೂ ಬರೆಯುವುದೂ ಇದೇ. ಆದರೆ ಕೆಲವು ಅಂಗಡಿಗಳಲ್ಲಿ ಬಿಲ್ ಡಿಸ್ಕೌಂಟ್ ಲಿಮಿಟ್ ಅಂತ ಬ್ಯಾಂಕು ಪ್ರತ್ಯೇಕ ಸಾಲದ ಖಾತೆ ಇಟ್ಟಿರುತ್ತದೆ, ಲೆಕ್ಕ ಬರೆಯುವವರೂ ಅದನ್ನು ಸಾಲ ಅಂತಲೇ ಬರೆದಿರುತ್ತಾರೆ. ಜೂನ್‌ನಲ್ಲಿ ಅವರು ಕ್ರೆಡಿಟ್ ಮಾಡಿರುವುದು ಬಿಲ್ಸ್ ರಿಸೀವಬಲ್‌ಗೆ ಅಲ್ಲ, "ಡಿಸ್ಕೌಂಟ್ ಆದ ಬಿಲ್ಲುಗಳು" ಅನ್ನುವ ಸಾಲದ ಖಾತೆಗೆ. ಬಿಲ್ಸ್ ರಿಸೀವಬಲ್‌ನಲ್ಲಿ 1,20,000 ಗಡುವಿನವರೆಗೂ ಹಾಗೇ ಇರುತ್ತದೆ.

ಆಗ ವಾಪಸ್ ಬಂದ ದಿನ ಎರಡು ಕೆಲಸ ಆಗಬೇಕು. ಬ್ಯಾಂಕು ಕಳೆದುಕೊಂಡ ಬಿಲ್ ಮೊತ್ತ ಆ ಸಾಲವನ್ನು ತೀರಿಸುತ್ತದೆ. ಬಿಲ್ಸ್ ರಿಸೀವಬಲ್‌ನಲ್ಲಿ ಇರುವ 1,20,000 ಪಾರ್ಟಿ ಹೆಸರಿಗೆ ಹೋಗುತ್ತದೆ, ನೋಟಿಂಗ್ 350 ಜೊತೆಗೆ. ಇಲ್ಲಿ ಬಿಲ್ಸ್ ರಿಸೀವಬಲ್‌ಗೆ ಕ್ರೆಡಿಟ್ ಬೀಳುವುದು ಸರಿಯೇ. ಜೂನ್ ಎಂಟ್ರಿ ಒಂದು ಪದ್ಧತಿಯಲ್ಲಿ, ಆಗಸ್ಟ್ ಎಂಟ್ರಿ ಇನ್ನೊಂದು ಪದ್ಧತಿಯಲ್ಲಿ ಆದರೆ ಮಾತ್ರ ಗೋಳು. ಜೂನ್‌ನಲ್ಲಿ ಸಾಲ ಅಂತ ಬರೆದು, ಆಗಸ್ಟ್‌ನಲ್ಲಿ ಪಾರ್ಟಿಗೆ ಡೆಬಿಟ್, ಬ್ಯಾಂಕಿಗೆ ಕ್ರೆಡಿಟ್ ಅಂತ ಮುಗಿಸಿದರೆ ಬಿಲ್ಸ್ ರಿಸೀವಬಲ್‌ನಲ್ಲಿ 1,20,000 ಬರಬೇಕು ಅಂತಲೂ, ಸಾಲದ ಖಾತೆಯಲ್ಲಿ 1,20,000 ಕೊಡಬೇಕು ಅಂತಲೂ ನಿಂತುಬಿಡುತ್ತದೆ. ಎರಡೂ ಭೂತಗಳೇ. ಒಂದೇ ಮೊತ್ತ ಎರಡು ಕಡೆ ಎದುರುಬದುರು ಕೂತಿರುವುದು ಕಂಡರೆ ಇದನ್ನೇ ಅನುಮಾನಿಸಿ. ಅದಕ್ಕೇ ತಿದ್ದುವ ಮುಂಚೆ ಜೂನ್ ವೋಚರ್ ತೆರೆದು ಕ್ರೆಡಿಟ್ ಯಾವ ಖಾತೆಗೆ ಬಿದ್ದಿದೆ ನೋಡಿ ಅನ್ನುವುದು.

ಬಿಲ್ ವಾಪಸಾದರೆ ಗ್ರಾಹಕರನ್ನು ಕೇಳುವುದಿಲ್ಲ ಅಂತ ಒಪ್ಪಿ ಬ್ಯಾಂಕು ಕೊಂಡುಕೊಂಡಿದ್ದರೆ ಈ ಎಂಟ್ರಿ ಯಾವುದೂ ಬೇಡ. ಬ್ಯಾಂಕು ನಿಮ್ಮ ಖಾತೆಯನ್ನು ಮುಟ್ಟುವುದಿಲ್ಲ. ಸಣ್ಣ ಮಂಡಿಗಳಲ್ಲಿ ನಾನು ಅಂಥದ್ದು ಕಂಡಿಲ್ಲ.

ತಿದ್ದಿದ್ದು ಹೀಗೆ

ಹುಡುಗ ಹಾಕಿದ್ದ ವೋಚರುಗಳನ್ನು ಅಳಿಸಲಿಲ್ಲ. ಬ್ಯಾಂಕ್ ತಾಳೆ ಆಗಿದೆ, ಅದನ್ನು ಕೆಡಿಸುವುದು ಯಾಕೆ? ಬ್ಯಾಂಕನ್ನು ಮುಟ್ಟದ ಒಂದೇ ಜರ್ನಲ್ ಸಾಕಾಯಿತು.

```
ಸಂತೇಪೇಟೆ ಪಾರ್ಟಿ     ಡೆಬಿಟ್   1,20,350
ಡಿಸ್ಕೌಂಟ್            ಡೆಬಿಟ್      2,880
    ಬಿಲ್ಸ್ ರಿಸೀವಬಲ್    ಕ್ರೆಡಿಟ್  1,20,000
    ಬ್ಯಾಂಕ್ ಚಾರ್ಜಸ್    ಕ್ರೆಡಿಟ್     3,230
```

ಎರಡೂ ಕಡೆ 1,23,230. ಇದಾದಮೇಲೆ ಬಿಲ್ಸ್ ರಿಸೀವಬಲ್ ಸೊನ್ನೆ, ಡಿಸ್ಕೌಂಟ್ 2,880, ಬ್ಯಾಂಕ್ ಚಾರ್ಜಸ್ 236, ಪಾರ್ಟಿ ಬಾಕಿ 1,20,350. ನಾಲ್ಕೂ ಅಂಕಿಗಳನ್ನು ಹುಡುಗನ ಕೈಯಲ್ಲೇ ಓದಿಸಿದೆ.

ಟ್ಯಾಲಿಯಲ್ಲಿ ಪಾರ್ಟಿ ಖಾತೆಗೆ ಬಿಲ್ ವಿವರ ಕೇಳಿದಾಗ `New Ref` ಆರಿಸಿ, ಗಡುವು ಆಗಸ್ಟ್ 14 ಅಂತ ಕೊಟ್ಟೆವು. ಹಳೇ ಇನ್‌ವಾಯ್ಸ್ ಮೇ ತಿಂಗಳಲ್ಲಿ ಬಿಲ್ ಒಪ್ಪಿದಾಗಲೇ ತೀರಿದೆ. ಅದಕ್ಕೇ ಜೋಡಿಸಿದರೆ ಬಾಕಿ ಎಷ್ಟು ದಿನದ್ದು ಅನ್ನುವ ಪಟ್ಟಿ ಗೊಂದಲ ಆಗುತ್ತದೆ.

ಆಮೇಲೆ ಸಂತೇಪೇಟೆ ಅಂಗಡಿಯ ಲೆಕ್ಕದವರಿಗೆ ಫೋನ್ ಮಾಡಿದೆ. ಅವರ ಪುಸ್ತಕದಲ್ಲಿ ಬಿಲ್ಸ್ ಪೇಯಬಲ್ 1,20,000 ಇನ್ನೂ ಹಾಗೇ ಇತ್ತು. "ಡಿಸ್ಕೌಂಟ್ ಎಂಟ್ರಿ ನಾವೂ ಹಾಕಬೇಕಾ ಸಾರ್?" ಅಂದರು. ಬೇಡ. ಬಿಲ್ಲು ಯಾರ ಕೈಗೆ ಹೋಯಿತು, ಎಷ್ಟಕ್ಕೆ ಹೋಯಿತು ಅನ್ನುವುದು ಅವರ ಲೆಕ್ಕಕ್ಕೆ ಸಂಬಂಧವೇ ಇಲ್ಲ. ಬಿಲ್ಸ್ ಪೇಯಬಲ್ ಡೆಬಿಟ್ 1,20,000, ನೋಟಿಂಗ್ ಖರ್ಚು ಡೆಬಿಟ್ 350, ಮಂಡ್ಯದವರಿಗೆ ಕ್ರೆಡಿಟ್ 1,20,350. ಈಗ ಎರಡು ಊರಿನ ಪುಸ್ತಕದಲ್ಲೂ ಒಂದೇ ಅಂಕಿ.

ಯಜಮಾನರು ಕೋರ್ಟಿನ ಮಾತೆತ್ತಿದರು. "ಚೆಕ್ ಬೌನ್ಸ್ ಕೇಸ್ ಹಾಕ್ತೀನಿ" ಅಂದರು. ಇದು ಚೆಕ್ ಅಲ್ಲ, 138ನೇ ಕಲಂ ಬಿಲ್ಲಿಗೆ ಬರುವುದಿಲ್ಲ, ಹಣ ವಸೂಲಿಗೆ ಸಿವಿಲ್ ದಾವೆಯೇ ದಾರಿ ಅಂದೆ. ಸುಮ್ನಾದರು. ಕೈಯಲ್ಲಿ ಸರಿಯಾದ ಲೆಡ್ಜರ್ ಹಿಡಿದು ಮೈಸೂರಿಗೆ ಬಸ್ಸು ಹತ್ತಿದರು.

ಹಬ್ಬದಲ್ಲಿ ಬೆಲ್ಲ ಚೆನ್ನಾಗಿ ಹೋಗಿತ್ತಂತೆ. ಆಗಸ್ಟ್ 29ಕ್ಕೆ ಸಂತೇಪೇಟೆಯವರು 50,350 ಬ್ಯಾಂಕಿಗೆ ಹಾಕಿದರು. ಉಳಿದ 70,000ಕ್ಕೆ ಎರಡು ತಿಂಗಳ ಹೊಸ ಬಿಲ್ ಒಪ್ಪಿದರು, ಶೇ. 12ರ ಬಡ್ಡಿ 1,400 ಸೇರಿಸಿ 71,400ಕ್ಕೆ. ಮೊದಲು ಪಾರ್ಟಿಗೆ ಡೆಬಿಟ್, ಬಡ್ಡಿಗೆ ಕ್ರೆಡಿಟ್ 1,400. ಆಮೇಲೆ ಬಿಲ್ಸ್ ರಿಸೀವಬಲ್‌ಗೆ ಡೆಬಿಟ್, ಪಾರ್ಟಿಗೆ ಕ್ರೆಡಿಟ್ 71,400. ಈ ಸಲ ಬಿಲ್ಲನ್ನು ಡಿಸ್ಕೌಂಟ್ ಮಾಡಿಸಲಿಲ್ಲ, ಬೀರುವಿನಲ್ಲೇ ಇಟ್ಟರು.

ಮುಂದಿನ ಸಲ ಹೋದಾಗ ಹುಡುಗನ ಡೈರಿ ತೆಗೆದು ನೋಡಿದೆ. ಅಕ್ಟೋಬರ್ 29ರ ಹಾಳೆಯಲ್ಲಿ ಏನೂ ಇರಲಿಲ್ಲ. ಮೂರು ದಿನ ಕೂಡಿಸಿದರೆ ನವೆಂಬರ್ 1, ರಾಜ್ಯೋತ್ಸವದ ರಜೆ. ಅವನು ಅಕ್ಟೋಬರ್ 31ರ ಹಾಳೆಯಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿದ್ದ: ಸಂತೇಪೇಟೆ, 71,400.